ಕೋರಿನೊಳಗೂ ನೀರು ಹರಿಯಬೇಕು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚನ್ನಗಿರಿಯ ಹೊರವಲಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಜಗಳೂರಿನಿಂದ ಬಂದವಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೆ. ನಮ್ಮ ತರಗತಿಯಲ್ಲಿ ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ, ಹಾಗಾಗಿ ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಟೈಪಿಂಗ್ ಬರುತ್ತದೆಯೇ ಎಂದು ಕೇಳುತ್ತಿದ್ದರು. ಬರುವುದಿಲ್ಲ, ಕಲಿಯುವುದೂ ಇಲ್ಲ ಎಂದು ಹೇಳಿ ಎದ್ದು ಬರುತ್ತಿದ್ದೆ. ಚನ್ನಗಿರಿಯ ಮಾಲೀಕರು ಮಾತ್ರ ಟೈಪಿಂಗ್ ಕೇಳಲಿಲ್ಲ. ಅವರಿಗೆ ಟ್ರೇಸಿಂಗ್ ಮಾಡುವವರು ಬೇಕಾಗಿತ್ತು. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ತಿದ್ದಿ ತೆಗೆಯುವ ಕೆಲಸ ಅದು. ಗೆರೆ ಚೆನ್ನಾಗಿ ಬರಬೇಕು, ತಲೆ ಓಡಿಸಬಾರದು.

ಮಾಲೀಕರು ಮೊದಲು ಲೇತ್ ಇಟ್ಟುಕೊಂಡು ಪಂಪ್‌ಸೆಟ್ಟಿನ ಶಾಫ್ಟು, ಬುಷ್ಷು ಮಾಡಿಕೊಡುತ್ತಿದ್ದವರು. ಆಮೇಲೆ ಪ್ಲಾಸ್ಟಿಕ್ಕಿನ ಕಾಲ ಬರುತ್ತದೆ ಎಂದು ಒಂದು ಸಣ್ಣ ಇಂಜೆಕ್ಷನ್ ಯಂತ್ರ ತಂದರು. ಕಾಳಿನಂತಿರುವ ಪ್ಲಾಸ್ಟಿಕ್ಕನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ, ಆರಿದ ಮೇಲೆ ಅಚ್ಚನ್ನು ಎರಡು ಹೋಳಾಗಿ ತೆರೆದು ಸಾಮಾನನ್ನು ತೆಗೆಯುವ ಯಂತ್ರ. ಶೆಡ್ಡಿನಲ್ಲಿ ಅಚ್ಚಿಗೆ ಡೈ ಎನ್ನುತ್ತಿದ್ದರು. ಅಲ್ಲಿಯವರೆಗೆ ಬೇರೆಯವರು ಮಾಡಿಕೊಟ್ಟ ಡೈಗಳನ್ನೇ ಓಡಿಸುತ್ತಿದ್ದೆವು. ನಾವೇ ಮಾಡಬೇಕಾದ ಮೊದಲ ಡೈ ನ್ಯಾಮತಿಯಿಂದ ಬಂತು.

ನ್ಯಾಮತಿಯಲ್ಲಿ ಒಬ್ಬ ಸಾಹೇಬರು ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಪಂಪುಗಳನ್ನು ಮಾಡುತ್ತಿದ್ದರು. ಹಿತ್ತಾಳೆ ತಗಡಿನ ಟ್ಯಾಂಕು, ಅದರೊಳಗೆ ತಳದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಒಂದು ಪ್ಲಾಸ್ಟಿಕ್ ಬಟ್ಟಲು. ಬಟ್ಟಲು ಬಾಯಿ ಕೆಳಗಾಗಿ ಒಂದು ಬಿಲ್ಲೆಯ ಮೇಲೆ ಕೂರುತ್ತದೆ. ಬಾಯಿಯ ಹತ್ತಿರ ಎದುರುಬದುರು ಎರಡು ಕಿಂಡಿಗಳಿದ್ದು, ಔಷಧಿ ಆ ಕಿಂಡಿಯಿಂದ ಒಳಕ್ಕೆ ಹೋಗಬೇಕು, ಕಸ ಹೊರಗೇ ನಿಲ್ಲಬೇಕು. ದೂರದಿಂದ ತರಿಸುತ್ತಿದ್ದ ಬಟ್ಟಲು ಸಕಾಲಕ್ಕೆ ಸಿಗುತ್ತಿಲ್ಲ, ನೀವೇ ಮಾಡಿಕೊಡಿ ಎಂದು ಸಾಹೇಬರು ಒಂದು ಮಾದರಿ ಕೊಟ್ಟು ಹೋದರು.

ಇಡೀ ಡೈ ಮಾಡಬೇಕಾಗಿರಲಿಲ್ಲ. ನಮ್ಮಲ್ಲಿ ಒಂದು ಹಳೆಯ ಡೈ ಚೌಕಟ್ಟಿತ್ತು, ನಡುವೆ ಚೌಕಾಕಾರದ ಗೂಡು. ಆ ಗೂಡಿಗೆ ಕೂರುವ ಎರಡು ಉಕ್ಕಿನ ತುಂಡು ಮಾಡಿದರೆ ಸಾಕು, ಅದಕ್ಕೆ ಇನ್ಸರ್ಟ್ ಎನ್ನುತ್ತಾರೆ. ಒಂದು ತುಂಡಿನಲ್ಲಿ ಬಟ್ಟಲಿನ ಹೊರಮೈಯ ಕುಳಿ, ಅದು ಕ್ಯಾವಿಟಿ. ಇನ್ನೊಂದರಲ್ಲಿ ಬಟ್ಟಲಿನ ಒಳಮೈಯಂಥ ಗೂಟ, ಅದು ಕೋರ್. ಗೂಟ ಕುಳಿಯೊಳಗೆ ಹೋಗಿ ನಿಂತಾಗ ನಡುವೆ ಉಳಿಯುವ ಸಂದೇ ಬಟ್ಟಲು.

ಮಾಲೀಕರು ನಕ್ಷೆಯನ್ನು ದಾವಣಗೆರೆಯಲ್ಲಿದ್ದ ಒಬ್ಬ ಹಿರಿಯರಿಂದ ಬರೆಸಿದರು. ದೊಡ್ಡ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಡೈ ವಿನ್ಯಾಸ ಮಾಡಿ ನಿವೃತ್ತರಾದವರು. ನಕ್ಷೆ ಬಂತು, ನನ್ನ ಮೇಜಿಗೆ ಬಂತು, ಟ್ರೇಸ್ ಮಾಡು ಎಂದರು. ಶಾಯಿ ಪೆನ್ನು ಕೈಗೆ ತೆಗೆದುಕೊಂಡೆ, ಒಂದು ಗೆರೆಯನ್ನೂ ಎಳೆಯದೆ ಕೆಳಗಿಟ್ಟೆ.

ಅದು ಕೆಟ್ಟ ನಕ್ಷೆಯೇನಲ್ಲ. ಕಿಂಡಿ ಬಟ್ಟಲಿನ ಗೋಡೆಯಲ್ಲಿದೆ, ಕಿಂಡಿಯ ಕೆಳಗೆ ತೆಳುವಾದ ಅಂಚಿನ ಪಟ್ಟಿ ಇದೆ. ಡೈ ಮುಂದಕ್ಕೆ ಹಿಂದಕ್ಕೆ ಮಾತ್ರ ತೆರೆಯುವುದರಿಂದ ಅಂಥ ಕಿಂಡಿಯಲ್ಲಿ ನಿಂತ ಉಕ್ಕು ಆ ಪಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಅವರು ಎರಡು ಕಡೆಯಿಂದ ಅಡ್ಡ ಸರಿಯುವ ತುಂಡುಗಳನ್ನು ಹಾಕಿದ್ದರು. ದೊಡ್ಡ ಡೈಯಲ್ಲಾದರೆ ಎಲ್ಲರೂ ಮಾಡುವುದು ಅದನ್ನೇ. ಆದರೆ ನಮ್ಮ ಗೂಡು ಚಿಕ್ಕದು. ಅಡ್ಡ ತುಂಡುಗಳು ಸರಿಯಲು ದಾರಿ ಬಿಟ್ಟ ಮೇಲೆ ಕ್ಯಾವಿಟಿಯನ್ನು ತಣ್ಣಗಿಡಲು ಅದರ ಸುತ್ತ ನೀರು ಹರಿಸಲು ಉಳಿದದ್ದು ಒಂದೇ ಒಂದು ಮೂಲೆ. ಅವರು ಅಲ್ಲೊಂದು ತೂತು ತೋರಿಸಿ ಬಿಟ್ಟಿದ್ದರು. ಕೋರಿಗಂತೂ ನೀರೇ ಇಲ್ಲ.

ಕೋರಿಗೆ ನೀರಿಲ್ಲ ಅನ್ನುವುದೇ ನನಗೆ ನುಂಗಲಾಗದ ಮಾತಾಗಿತ್ತು. ಕರಗಿದ ಪ್ಲಾಸ್ಟಿಕ್ ಬಟ್ಟಲಿನ ತಳದ ನಡುವಿನಿಂದ ಒಳಗೆ ಬರುತ್ತದೆ, ನೇರವಾಗಿ ಕೋರಿನ ನೆತ್ತಿಗೇ ಬಡಿಯುತ್ತದೆ. ಸುತ್ತಲೂ ಬಿಸಿ ಪ್ಲಾಸ್ಟಿಕ್ ಅಪ್ಪಿಕೊಂಡ ಸಣ್ಣ ಗೂಟ ಅದು. ಕಾವು ಹೊರಗೆ ಹೋಗಲು ಅದರ ಬುಡವೊಂದೇ ದಾರಿ. ಹೊರಗಿನ ಕುಳಿ ತಣ್ಣಗಿದ್ದು ಒಳಗಿನ ಗೂಟ ಕಾದು ಕೂತರೆ, ಬಟ್ಟಲಿನ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಮೈ ತಡವಾಗಿ ಆರಿ ತಡವಾಗಿ ಕುಗ್ಗುತ್ತದೆ. ಕುಗ್ಗುವಾಗ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಬಾಯಿ ದುಂಡಗಿರದ ಬಟ್ಟಲು ಬಿಲ್ಲೆಯ ಮೇಲೆ ಕೂರುವುದಿಲ್ಲ, ಕಸ ತಡೆಯುವುದಿಲ್ಲ.

ಇದನ್ನೆಲ್ಲ ಮಾಲೀಕರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಕೊನೆಗೆ, "ನಿನ್ನ ಕರ್ಕಂಡಿರೋದು ಗೆರೆ ಎಳೆಯಾಕೆ. ಅವರು ಈ ಕೆಲಸದಾಗೆ ಕೂದಲು ಬೆಳ್ಳಗೆ ಮಾಡ್ಕಂಡೋರು. ಸುಮ್ನೆ ಎಳೆದುಕೊಡು" ಎಂದರು.

"ಎಳೆಯಲ್ಲ ಸಾರ್" ಎಂದೆ.

"ಅಂದ್ರೆ?"

"ಇದನ್ನ ಎಳೆಯಲ್ಲ. ನಂದೊಂದು ಬರ್ಕೊಡ್ತೀನಿ. ಅದು ಬ್ಯಾಡ ಅಂದ್ರೆ ಬೇರೆಯವರ ಕೈಲಿ ಎಳೆಸ್ಕೊಳ್ರಿ."

ಇಷ್ಟು ದೊಡ್ಡ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಹಿಂದೆ ತೆಗೆದುಕೊಳ್ಳುವ ಮನಸ್ಸು ಮಾತ್ರ ಆಗಲಿಲ್ಲ. ಮಾಲೀಕರು ಎದ್ದುಹೋದರು. ಹೊರಡು ಎಂದೂ ಹೇಳಲಿಲ್ಲ. ಹೇಳದಿದ್ದ ಮೇಲೆ ಹೋಗುವ ಅಗತ್ಯವೇನೂ ಕಾಣದೆ ನಾನು ಮೇಜಿನ ಮೇಲೆ ಹೊಸ ಹಾಳೆ ಹಾಸಿಕೊಂಡೆ.

ಅಡ್ಡ ತುಂಡುಗಳನ್ನು ಹೇಗಾದರೂ ತಪ್ಪಿಸಬೇಕಿತ್ತು. ಅವು ಹೋದರೆ ನೀರಿಗೆ ಜಾಗ ತಾನಾಗಿ ಸಿಗುತ್ತಿತ್ತು. ಮಾದರಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೂತೆ. ಕಿಂಡಿಯ ಕೆಳಗಿನ ಆ ತೆಳು ಪಟ್ಟಿ ಏನು ಕೆಲಸ ಮಾಡುತ್ತಿದೆ? ಬಟ್ಟಲು ಬಿಲ್ಲೆಯ ಮೇಲೆ ಒತ್ತಿ ಕೂರುತ್ತದೆ. ಪಟ್ಟಿಯನ್ನು ಕತ್ತರಿಸಿ ಕಿಂಡಿಯನ್ನು ಬಾಯಿಯವರೆಗೆ ತೆರೆದುಬಿಟ್ಟರೂ ಕೆಳಗಿನಿಂದ ಬಿಲ್ಲೆಯೇ ಅದನ್ನು ಮುಚ್ಚುತ್ತದೆ. ಕೂತ ಮೇಲೆ ಹೆಚ್ಚುಕಡಿಮೆ ಅದೇ ಅಳತೆಯ ಕಿಂಡಿಯೇ. ಡೈಯೊಳಗೆ ಮಾತ್ರ ಕಥೆಯೇ ಬೇರೆ. ಕಿಂಡಿ ಬಾಯಿಯವರೆಗೆ ತೆರೆದಿದ್ದರೆ ಕೋರಿನ ಬುಡದಿಂದ ಎರಡು ಹಲ್ಲು ಮೇಲೆದ್ದು ಆ ಜಾಗ ತುಂಬಬಹುದು. ಡೈ ತೆರೆದಾಗ ಹಲ್ಲು ಕೋರಿನ ಜೊತೆಯಲ್ಲೇ ನೇರ ಹಿಂದಕ್ಕೆ ಬರುತ್ತದೆ. ಯಾವುದೂ ಅಡ್ಡ ಸರಿಯಬೇಕಿಲ್ಲ. ಕೋರೂ ಕ್ಯಾವಿಟಿಯೂ ಬೇರಾಗುವ ಗೆರೆ ಬಟ್ಟಲಿನ ಬಾಯಿಯ ಉದ್ದಕ್ಕೂ ಸಾಗಿ, ಕಿಂಡಿ ಬಂದಲ್ಲಿ ಮೇಲೆ ಹತ್ತಿ, ಇಳಿದು, ಮತ್ತೆ ಬಾಯಿಗುಂಟ ಹೋಗುತ್ತದೆ. ಹಲ್ಲಿನ ಹೊರಮೈ ಕುಳಿಯ ಗೋಡೆಗೆ ಉಜ್ಜದಂತೆ ಸ್ವಲ್ಪ ಓರೆ ಕೊಟ್ಟರೆ, ಡೈ ಮುಚ್ಚುವ ಕೊನೆಯ ಘಳಿಗೆಯಲ್ಲಿ ಮಾತ್ರ ಎರಡೂ ಮೈ ಮುಟ್ಟಿ ಬಿಗಿಯುತ್ತವೆ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಬಟ್ಟಲು ನನ್ನದಲ್ಲ, ಸಾಹೇಬರದು. ಮಾದರಿ ಬದಲಿಸಲು ಅವರು ಒಪ್ಪಬೇಕು. ಸಾಹೇಬರನ್ನು ಕೇಳಿ ಎಂದು ಮಾಲೀಕರಿಗೆ ಹೇಳಿದರೆ, ಗಿರಾಕಿಯ ಮುಂದೆ ಹೋಗಿ ನಮಗೆ ನೀವು ಕೊಟ್ಟ ಮಾದರಿ ಮಾಡಲು ಬರುವುದಿಲ್ಲ ಅಂತ ಹೇಳಲೇ ಎಂದು ರೇಗಿದರು. ಮರುದಿನ ರಜೆ ಹಾಕಿ ನಾನೇ ಹೊನ್ನಾಳಿ ಬಸ್ಸು ಹತ್ತಿದೆ. ಅಲ್ಲಿಂದ ನ್ಯಾಮತಿಗೆ ಇನ್ನೊಂದು ಬಸ್ಸು.

ಸಾಹೇಬರ ಅಂಗಡಿ ಪೇಟೆಯ ಒಳಬೀದಿಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ತಗಡು ಬಡಿಯುವ ಸದ್ದು. ನನ್ನನ್ನು ನೋಡಿ ಯಾರ ಮನೆಯವರಮ್ಮ ಎಂದು ಕೇಳಿದರು. ಚನ್ನಗಿರಿ ಶೆಡ್ಡಿನವಳು ಎಂದೆ, ಒಂದು ಹಳೆ ಬಟ್ಟಲು ಮತ್ತು ಹ್ಯಾಕ್ಸಾ ಕೇಳಿದೆ. ಅವರು ಅನುಮಾನದಿಂದಲೇ ಕೊಟ್ಟರು. ಅವರೆದುರೇ ಎರಡೂ ಕಿಂಡಿಗಳ ಕೆಳಗಿನ ಪಟ್ಟಿಯನ್ನು ಕೊಯ್ದು ತೆಗೆದೆ. ಅರದಿಂದ ಉಜ್ಜಿ ನಯ ಮಾಡಿ, ಪಂಪಿನ ತಳಕ್ಕೆ ಕೂರಿಸಲು ಹೇಳಿದೆ.

ಟ್ಯಾಂಕಿಗೆ ನೀರು ತುಂಬಿಸಿ, ಒಂದು ಹಿಡಿ ಹೊಟ್ಟನ್ನೂ ಹಾಕಿಸಿದರು. ಸಾಹೇಬರು ತಾವೇ ಪಂಪನ್ನು ಬೆನ್ನಿಗೆ ಹಾಕಿಕೊಂಡು ಬೀದಿಗೆ ಬಂದು ಹ್ಯಾಂಡಲ್ ಒತ್ತಿದರು. ತುಂತುರು ಸಣ್ಣಗೆ, ಸಮನಾಗಿ ಬಂತು. ಬಹಳ ಹೊತ್ತು ಒತ್ತಿದರು. ಎದುರು ಅಂಗಡಿಯ ಕಟ್ಟೆ ಪೂರ್ತಿ ನೆನೆಯಿತು. ಆಮೇಲೆ ಟ್ಯಾಂಕು ಖಾಲಿ ಮಾಡಿ ಬಟ್ಟಲು ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದರು. ಹೊಟ್ಟು ಇರಲಿಲ್ಲ.

"ನನಗೆ ಔಷಧಿ ಬಂದ್ರಾತಮ್ಮ. ಕಿಂಡಿ ಹೆಂಗಾರ ಇರಲಿ" ಎಂದರು. ಬಟ್ಟಲನ್ನು ಪಕ್ಕಕ್ಕಿಟ್ಟು, "ನಿಮ್ಮ ಮಾಲೀಕರು ಕಳಿಸ್ಯಾರೇನು?" ಎಂದು ಕೇಳಿದರು.

"ಇಲ್ಲ ಸಾಹೇಬ್ರೆ. ನಾನೇ ಬಂದೀನಿ."

ಅವರು ನಕ್ಕರು. ಮುಂದಿನ ಬಸ್ಸಿಗೆ ತಾವೂ ಬರುವುದಾಗಿ ಹೇಳಿ ಟೋಪಿ ಹಾಕಿಕೊಂಡು ನನ್ನ ಜೊತೆಗೇ ಹೊರಟರು.

ಮಾಲೀಕರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ತಮ್ಮನ್ನು ದಾಟಿ ಗಿರಾಕಿಯ ಬಳಿ ಹೋದವಳನ್ನು ಯಾರು ಮೆಚ್ಚುತ್ತಾರೆ. ಆದರೆ ಗಿರಾಕಿಯೇ ಎದುರು ಕೂತು ಚಹಾ ಕುಡಿಯುತ್ತ, ಈ ಥರದ ಬಟ್ಟಲೇ ಆಗಲಿ, ಬೇಗ ಆಗಲಿ ಎಂದಾಗ ಅವರಿಗೆ ಬೇರೆ ದಾರಿ ಉಳಿಯಲಿಲ್ಲ. ಸಾಹೇಬರು ಹೋದ ಮೇಲೆ ನನ್ನನ್ನು ಕರೆದು, ಇದು ಕೆಟ್ಟರೆ ನೀನು ಜಗಳೂರಿಗೆ ಹೋಗುವ ಬಸ್ಸು ಹತ್ತಬೇಕು ಎಂದರು. ಕೆಟ್ಟರೆ ಯಾಕೆ ಕೆಟ್ಟಿತು ಅಂತ ತಿಳಿಯುವವರೆಗೆ ಹೋಗುವುದಿಲ್ಲ ಎಂದು ಹೇಳಿದೆ.

ಆಮೇಲೆ ನಕ್ಷೆಯಲ್ಲಿ ನೀರಿನ ದಾರಿ ಬರೆದೆ. ಕ್ಯಾವಿಟಿಗೆ ಆರು ಮಿಲಿಮೀಟರಿನ ನಾಲ್ಕು ನೇರ ತೂತುಗಳನ್ನು ಮೂಲೆಗಳಲ್ಲಿ ಕೂಡುವಂತೆ ಹಾಕಿ, ಬೇಡದ ಹೊರಬಾಯಿಗಳಿಗೆ ಹಿತ್ತಾಳೆ ಬಿರಡೆ ತೋರಿಸಿದೆ. ನೀರು ಒಂದು ಕಡೆ ಬಂದು ಕುಳಿಯ ಸುತ್ತ ಚೌಕವಾಗಿ ಹರಿದು ಹೊರಗೆ ಹೋಗುತ್ತದೆ. ಕುಳಿಯ ಗೋಡೆಗೆ ತೀರ ಹತ್ತಿರ ಹೋದರೆ ಪ್ಲಾಸ್ಟಿಕ್ಕಿನ ಒತ್ತಡಕ್ಕೆ ಉಕ್ಕು ಸೋಲುತ್ತದೆ, ಒಂದು ಕಡೆ ತಣ್ಣಗೆ ಇನ್ನೊಂದು ಕಡೆ ಬಿಸಿಯೂ ಆಗುತ್ತದೆ. ದೂರ ಹೋದರೆ ತಂಪು ಮುಟ್ಟುವುದಿಲ್ಲ. ತೂತಿನ ಅಗಲದ ಒಂದೂವರೆ ಪಟ್ಟು ಬಿಟ್ಟೆ.

ಕೋರಿನಲ್ಲಿ ಹಾಗೆ ಸುತ್ತು ಹಾಕಲು ಜಾಗವಿಲ್ಲ. ಹದಿನೆಂಟು ಮಿಲಿಮೀಟರ್ ದಪ್ಪದ ಗೂಟ. ಅದರ ಬುಡದಿಂದ ನೆತ್ತಿಯ ಹತ್ತಿರದವರೆಗೆ ಎಂಟು ಮಿಲಿಮೀಟರಿನ ಒಂದೇ ತೂತು, ಅದರ ನಡುವೆ ಒಂದು ಸಣ್ಣ ಹಿತ್ತಾಳೆ ಕೊಳವೆ. ನೀರು ಕೊಳವೆಯೊಳಗೆ ಏರಿ, ನೆತ್ತಿಯ ಕೆಳಗೆ ಕಾರಂಜಿಯಂತೆ ಚಿಮ್ಮಿ, ಕೊಳವೆಯ ಹೊರಗಿನ ಸಂದಿಯಲ್ಲಿ ಇಳಿದುಬರಬೇಕು. ಕೊಳವೆ ದಪ್ಪವಾದರೆ ಇಳಿಯುವ ದಾರಿ ಕಟ್ಟುತ್ತದೆ, ಸಣ್ಣದಾದರೆ ಏರುವ ದಾರಿ. ಹೊರಗೆ ಆರು, ಒಳಗೆ ಐದು ಮಿಲಿಮೀಟರಿನ ಕೊಳವೆಯಲ್ಲಿ ಎರಡೂ ದಾರಿಯ ವಿಸ್ತೀರ್ಣ ಹೆಚ್ಚುಕಡಿಮೆ ಸಮ ಬಂತು. ಕೋರಿನ ಕೆಳಗಿನ ತಟ್ಟೆಯಲ್ಲಿ ಎರಡು ಮಟ್ಟದಲ್ಲಿ ಎರಡು ಕಾಲುವೆ. ಕೆಳಗಿನದು ಕೊಳವೆಗೆ ನೀರು ಕೊಡುತ್ತದೆ, ಮೇಲಿನದು ಇಳಿದ ನೀರನ್ನು ಒಯ್ಯುತ್ತದೆ. ಕೋರು ತಟ್ಟೆಯ ಮೇಲೆ ಕೂರುವಲ್ಲಿ ಸೋರದಂತೆ ರಬ್ಬರ್ ರಿಂಗು. ಬಟ್ಟಲನ್ನು ಕೋರಿನಿಂದ ತಳ್ಳುವ ಕಡ್ಡಿಗಳನ್ನು ಈ ನೀರಿಗೆ ತಾಗದಂತೆ ಹೊರಗೆ ಸರಿಸಿ, ಬಟ್ಟಲಿನ ಬಾಯಂಚನ್ನು ಒತ್ತುವ ಹಾಗೆ ಇಟ್ಟೆ.

ಕೆಲಸ ಮಾಡಬೇಕಾದವರು ಹೊನ್ನಾಳಿಯ ಮೇಸ್ತ್ರಿ. ಇಡೀ ಶೆಡ್ಡಿನಲ್ಲಿ ಉಕ್ಕಿನ ಕೆಲಸ ಅವರದೇ. ಹೆಂಗಸಿನ ಕೈಯ ನಕ್ಷೆ ಹಿಡಿದು ನಿಲ್ಲುವುದು ಅವರಿಗೆ ಸೇರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಹಾಳೆಯನ್ನು ಮೂರು ಸಲ ತಿರುಗಿಸಿ ನೋಡಿ, "ಗೂಟದ ಹೊಟ್ಟೆ ಬಗೆದು ಬೆಂಕಿಗೆ ಹಾಕಿದ್ರೆ ಸೀಳಿಹೋಗ್ತೈತೆ ತಂಗಿ. ಎಣ್ಣೆಯಾಗೆ ಅದ್ದಿದ ಕೂಡ್ಲೆ ಟಣ್ ಅಂತೈತೆ" ಎಂದರು.

ಅದು ಹುಸಿ ಭಯವಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವಾಗ ಚೂಪು ಮೂಲೆ ಇದ್ದಲ್ಲಿ ಬಿರುಕು ಬಿಡುತ್ತದೆ. ತೂತಿನ ತುದಿಯನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿ, ಸುತ್ತ ಗೋಡೆಯ ದಪ್ಪ ಒಂದೇ ಸಮ ಇರಲಿ ಎಂದೆ. ಡ್ರಿಲ್ಲು ಒಂದು ಕಡೆ ವಾಲಿದರೆ ಏನು ಮಾಡುತ್ತೀ ಎಂದರು. ವಾಲದಂತೆ ಕೊರೆಯುವವರು ನೀವೊಬ್ಬರೇ ಇರುವುದು, ಅದಕ್ಕೇ ನಿಮ್ಮ ಕೈಗೆ ಕೊಟ್ಟಿದ್ದೇನೆ ಎಂದೆ. ಹೊಗಳಿಕೆ ಅಂದುಕೊಂಡರೋ ಸವಾಲು ಅಂದುಕೊಂಡರೋ, ನಕ್ಷೆ ಮಡಚಿಕೊಂಡು ಲೇತಿನ ಕಡೆ ಹೋದರು. ಕೋರನ್ನು ಲೇತಿನಲ್ಲಿ ಹಿಡಿದು, ಹೊರಮೈಯೂ ತೂತೂ ಒಂದೇ ಹಿಡಿತದಲ್ಲಿ ಬರುವಂತೆ ಕೊರೆದರು. ಎಣ್ಣೆಗೆ ಅದ್ದುವ ದಿನ ಇಬ್ಬರೂ ಡಬ್ಬದ ಪಕ್ಕ ನಿಂತಿದ್ದೆವು. ಹೊಗೆ ಎದ್ದಿತು. ಟಣ್ ಎನ್ನಲಿಲ್ಲ.

ಡೈ ಓಡಿಸಿ ನೋಡುವ ದಿನವೇ ಜಗಳೂರಿನಿಂದ ಅಣ್ಣ ಬಂದ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ, ಮಧ್ಯಾಹ್ನದ ಬಸ್ಸಿಗೆ ಕರೆದುಕೊಂಡು ಬಾ ಎಂದು ಅಪ್ಪ ಕಳಿಸಿದ್ದರು. ಕುರಿ ಮಾರುವಾಗಲೂ ಒಂದು ದಿನ ಮುಂಚೆ ಹೇಳಿ ಕಳಿಸುವ ಅಪ್ಪ ನನಗೆ ಮಾತ್ರ ಹೇಳಿರಲಿಲ್ಲ. ಇವತ್ತು ಬರುವುದಿಲ್ಲ ಎಂದೆ.

"ಅವರು ಬಂದು ಕುಂತಿರ್ತಾರಲ್ಲವ್ವ. ನಾನು ಏನಂತ ಹೇಳ್ಲಿ?"

"ಡೈ ಹಚ್ಯಾರೆ, ಬರಾಕೆ ಆಗಲ್ಲ ಅಂತ ಹೇಳು."

ಡೈ ಎಂದರೇನೆಂದು ಗೊತ್ತಿಲ್ಲದ ಅಣ್ಣ, ಹೇಳಲು ಹೋಗದೆ ಬೆಂಚಿನ ಮೇಲೆ ಕೂತುಬಿಟ್ಟ.

ಮಾಲೀಕರು ಮೊದಲು ಕೋರಿಗೆ ನೀರು ಕೊಡುವುದು ಬೇಡವೆಂದರು. ಮೇಲಿನ ಟ್ಯಾಂಕಿನಿಂದ ಬರುವ ಪೈಪು ಕ್ಯಾವಿಟಿಗೆ ಸಾಕು, ಕೋರಿಗೂ ಬೇಕೋ ಬೇಡವೋ ಆಮೇಲೆ ನೋಡೋಣ ಎಂದರು. ಸರಿ, ನೋಡಿ ಎಂದೆ. ಮೊದಲ ಬಟ್ಟಲುಗಳು ಚೆನ್ನಾಗಿಯೇ ಬಂದವು. ಕಿಂಡಿ ಎರಡೂ ಚೊಕ್ಕಟ, ಹಲ್ಲು ಕೂತ ಜಾಗದಲ್ಲಿ ಪ್ಲಾಸ್ಟಿಕ್ಕಿನ ಪೊರೆ ಕೂಡ ಇರಲಿಲ್ಲ. ಮಾಲೀಕರು ನನ್ನ ಕಡೆ ನೋಡಿದರು. ಯಂತ್ರ ಓಡುತ್ತಲೇ ಹೋಯಿತು, ಕೋರು ಕಾಯುತ್ತ ಹೋಯಿತು. ಆಮೇಲಾಮೇಲೆ ಬಟ್ಟಲು ಕೋರನ್ನು ಬಿಡಲೊಲ್ಲದು. ಕಡ್ಡಿಗಳು ತಳ್ಳಿದರೆ ಮೆತ್ತಗಿನ ಬಾಯಂಚಿನಲ್ಲಿ ಗುಳಿ ಬೀಳುತ್ತಿತ್ತು. ಹೊರಗೆ ಬಂದದ್ದೂ ಆರುತ್ತಿದ್ದಂತೆ ಬಾಯಿ ಒಳಕ್ಕೆ ಸೊಟ್ಟಗಾಗುತ್ತಿತ್ತು.  ನಾನೇ ಕೋರಿಗೆ ಪೈಪು ಹಚ್ಚಿಸಿದೆ.

ನೀರು ಬಿಟ್ಟ ಕೂಡಲೇ ಕೋರಿನ ಬುಡದಿಂದ ತೊಟ್ಟಿಕ್ಕಿತು. ಇದಕ್ಕೇ ಬೇಡ ಅಂದದ್ದು ಎಂದು ಮಾಲೀಕರು ಕವಾಟ ಮುಚ್ಚಿಸಿದರು. ಯಂತ್ರದ ಮೇಲೆ ನೀರು ಬಿದ್ದರೆ ತುಕ್ಕು, ಅಚ್ಚಿನೊಳಗೆ ಬಿದ್ದರೆ ಸಾಮಾನು ಕೆಡುತ್ತದೆ, ಈ ಕಾರಂಜಿಯೆಲ್ಲ ದೊಡ್ಡ ಊರಿನವರಿಗೆ ಎಂದರು. ಪೈಪು ಕಿತ್ತು ಹಾಕಲು ಹೇಳಿದರು. ನಾನು ಪೈಪಿನ ಮೇಲೆ ಕೈ ಇಟ್ಟು ನಿಂತೆ.

"ಬಿಚ್ಚಿ ನೋಡದೆ ಕೀಳಾಕೆ ಬಿಡಲ್ಲ ಸಾರ್. ಸೋರಿದ್ದು ರಿಂಗು, ಕೋರಲ್ಲ."

ಅಷ್ಟು ಜನರ ಮುಂದೆ ಅವರಿಗೆ ಹಾಗೆ ಯಾರೂ ಹೇಳಿರಲಿಲ್ಲ. ಅಣ್ಣ ಬೆಂಚಿನಿಂದ ಎದ್ದು ನಿಂತ. ನನ್ನನ್ನು ಎಳೆದುಕೊಂಡು ಹೋಗುತ್ತಾನೇನೋ ಅನ್ನಿಸಿತು. ಅಷ್ಟರಲ್ಲಿ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಂದು, ಯಾರನ್ನೂ ಕೇಳದೆ ಬೋಲ್ಟು ಸಡಿಲಿಸತೊಡಗಿದರು. ಕೋರು ಹೊರಗೆ ಬಂತು. ರಿಂಗು ಕೂರುವ ತೋಡು ಸ್ವಲ್ಪ ಆಳವಾಗಿತ್ತು. ರಬ್ಬರು ಅದರೊಳಗೆ ಹುದುಗಿಹೋಗಿ, ಒತ್ತಡಕ್ಕೆ ಸಿಗದೆ ಸುಮ್ಮನೆ ಕೂತಿತ್ತು. ಒತ್ತಿ ಹಿಸುಕಿದರೆ ತಾನೆ ರಬ್ಬರು ನೀರು ತಡೆಯುವುದು. ಅದೇ ಸುತ್ತಳತೆಯ, ಒಂಚೂರು ದಪ್ಪದ ರಿಂಗು ಬೇಕಿತ್ತು.

ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ ಎಂದು ಮೇಸ್ತ್ರಿ ಹೇಳಿದ್ದೇ ತಡ, ಅಣ್ಣ ಹಳೆ ರಿಂಗನ್ನು ಕೈಗೆ ತೆಗೆದುಕೊಂಡು ಶೆಡ್ಡಿನ ಸೈಕಲ್ ಹತ್ತಿ ಹೋದ. ನನ್ನನ್ನು ಕರೆದೊಯ್ಯಲು ಬಂದವನು ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಚನ್ನಗಿರಿ ಪೇಟೆಯಲ್ಲಿ ರಬ್ಬರ್ ರಿಂಗು ಹುಡುಕುತ್ತಿದ್ದ. ಒಂದರ ಬದಲು ಬೇರೆ ಬೇರೆ ದಪ್ಪದ ಒಂದು ಗೊಂಚಲನ್ನೇ ತಂದ.

ಸರಿಯಾದ ರಿಂಗು ಹಾಕಿ ಬಿಗಿದು, ಯಂತ್ರ ಓಡಿಸದೆ ನೀರು ಮಾತ್ರ ಬಿಟ್ಟೆವು. ಕಾಯ್ದೆವು. ಒಂದು ಹನಿಯೂ ಇಲ್ಲ. ಆಮೇಲೆ ಪ್ಲಾಸ್ಟಿಕ್ ಬಿಟ್ಟರು. ಕೋರಿನಿಂದ ಬರುವ ನೀರಿಗೆ ಕೈ ಒಡ್ಡಿದೆ, ಹೋಗುವ ನೀರಿಗಿಂತ ತುಸು ಬೆಚ್ಚಗಿತ್ತು. ಬೆಚ್ಚಗಿದ್ದರೆ ಕಾವನ್ನು ಹೊತ್ತು ತರುತ್ತಿದೆ ಎಂದೇ ಅರ್ಥ. ಡೈ ತೆರೆಯಿತು, ಕಡ್ಡಿಗಳು ತಳ್ಳಿದವು, ಬಟ್ಟಲು ಟಪ್ ಎಂದು ಕೆಳಗಿನ ತಟ್ಟೆಗೆ ಬಿತ್ತು. ಇನ್ನೊಂದು ಬಿತ್ತು. ಬಹಳ ಹೊತ್ತು ಓಡಿದ ಮೇಲೆ ಬಿದ್ದದ್ದೂ ಮೊದಲಿನದರ ಹಾಗೇ ದುಂಡಗಿತ್ತು. ಡೈ ಮುಚ್ಚಿ ಕಾಯುವ ಹೊತ್ತನ್ನು ಕಡಿಮೆ ಮಾಡಿ ಎಂದೆ, ಮಾಡಿದರು, ಆಗಲೂ ದುಂಡಗೇ ಬಂತು.

ಮಾಲೀಕರು ಒಂದು ಬಟ್ಟಲನ್ನು ಗಾಜಿನ ಮೇಲೆ ಬೋರಲಾಗಿ ಇಟ್ಟು, ಅಂಚಿನ ಕೆಳಗೆ ಕಾಗದದ ಚೂರು ತೂರಿಸಲು ನೋಡಿದರು. ಕಿಂಡಿ ಇದ್ದಲ್ಲಿ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಶಹಬಾಸ್ ಅನ್ನಲಿಲ್ಲ. "ನ್ಯಾಮತಿಗೆ ನೀನೇ ತಗಂಡು ಹೋಗು, ನಿನಗೆ ದಾರಿ ಗೊತ್ತೈತಲ್ಲ" ಎಂದರು.

ಅಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಹೋದ, ಜೇಬಿನಲ್ಲಿ ಎರಡು ಬಟ್ಟಲು. ಗಂಡಿನ ಕಡೆಯವರು ಕಾದು ಎದ್ದುಹೋಗಿದ್ದರು. ಅಪ್ಪ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ನಾನು ಕ್ಷಮೆ ಕೇಳಲಿಲ್ಲ, ಕೇಳುವಂಥದ್ದೇನೂ ನಡೆದಿರಲಿಲ್ಲ. ಮದುವೆ ಆಮೇಲೆ ಆಯಿತು, ನನಗೆ ಬೇಕೆನಿಸಿದಾಗ, ನಾನು ಕೆಲಸ ಬಿಡುವುದಿಲ್ಲ ಎಂದು ಮೊದಲೇ ಹೇಳಿ ಒಪ್ಪಿದವರ ಜೊತೆ.

ಟ್ರೇಸಿಂಗ್ ಕೆಲಸಕ್ಕೆ ಮಾಲೀಕರು ಬೇರೆಯವರನ್ನು ತೆಗೆದುಕೊಂಡರು. ಡೈಗಳ ನಕ್ಷೆ ನನ್ನ ಮೇಜಿಗೇ ಬರತೊಡಗಿತು. ಒಮ್ಮೆ ದಾವಣಗೆರೆಯ ಆ ಹಿರಿಯರು ಶೆಡ್ಡಿಗೆ ಬಂದಿದ್ದರು. ಇನ್ಸರ್ಟನ್ನು ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ ನೋಡಿದರು. ಕಿಂಡಿ ತೆರೆದದ್ದನ್ನು ಒಪ್ಪಿದರು. ಹಲ್ಲಿನ ಓರೆ ಮಾತ್ರ ಸಾಲದು, ಕಾಲ ಕಳೆದಂತೆ ಸವೆದು ಪೊರೆ ಬರುತ್ತದೆ, ಆಗ ಅಡ್ಡ ತುಂಡು ಇದ್ದಿದ್ದರೆ ಅದೊಂದನ್ನೇ ಬದಲಿಸಬಹುದಿತ್ತು ಎಂದರು. ಸವೆದರೆ ಹಲ್ಲನ್ನು ಬೇರೆ ತುಂಡಾಗಿ ಮಾಡಿ ಕೂರಿಸುತ್ತೇನೆ, ನೀರಿನ ಜಾಗ ಮಾತ್ರ ಬಿಟ್ಟುಕೊಡುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಚಹಾ ಆರಿಹೋಗುವವರೆಗೆ ವಾದ ಮಾಡಿದೆವು. ಮೇಸ್ತ್ರಿ ಪಕ್ಕದಲ್ಲಿ ನಿಂತು, ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ಸೇರಿಕೊಂಡು ಇಬ್ಬರನ್ನೂ ಕೆಣಕುತ್ತಿದ್ದರು. ಹಲ್ಲು ಸವೆಯಿತೇ ಎಂದು ಕೇಳಿದರೆ, ಹೌದು, ವರ್ಷಗಳ ಮೇಲೆ ಸವೆಯಿತು. ಬೇರೆ ತುಂಡು ಮಾಡಿ ಕೂರಿಸಿದೆವು. ಡೈ ಮತ್ತೆ ಓಡಿತು.